ಒಂದು ಪರ್ಸೆಂಟ್ ಫೋನು: ಬಳಕೆದಾರರ ಕೈಪಿಡಿ (ಮುಧೋಳ–ಸೇಡಂ–ವಾಡಿ ಆವೃತ್ತಿ)

ಉತ್ಪನ್ನದ ಪರಿಚಯ

ಅಭಿನಂದನೆಗಳು. ಬ್ಯಾಟರಿ ಒಂದು ಪರ್ಸೆಂಟಿಗೆ ಇಳಿದ, ರೇಂಜಿನ ಒಂದೇ ಕಡ್ಡಿ ಉಳಿದ ಮೊಬೈಲ್ ಫೋನಿನ ಮಾಲೀಕರು ನೀವೀಗ. ಸೇಡಂ ತಾಲ್ಲೂಕಿನ ಮುಧೋಳದಿಂದ ಬಸ್ಸಿನಲ್ಲಿ ಸೇಡಂಗೆ ಬಂದು, ಅಲ್ಲಿಂದ ರೈಲು ಹಿಡಿದು ವಾಡಿ ಜಂಕ್ಷನ್ನಿಗೆ ಹೊರಟಿದ್ದೀರಿ. ವಾಡಿಯಲ್ಲಿ ನಿಮ್ಮನ್ನು ಕರೆದೊಯ್ಯಲು ತಮ್ಮ ಬರಬೇಕು. ಅವನಿಗೆ ಯಾವ ಗಾಡಿಗೆ ಬರುತ್ತೀರೆಂದು ಇನ್ನೂ ಹೇಳಿಲ್ಲ. ಬಸ್ಸಿನಲ್ಲಿ ಕೂತು ವಿಡಿಯೊ ನೋಡಿದ್ದಿರಿ. ಈ ಕೈಪಿಡಿ ಹುಟ್ಟಿದ್ದೇ ಅದಕ್ಕಾಗಿ.

ಡಬ್ಬಿಯೊಳಗೆ ಇರುವುದು: ಫೋನು ಒಂದು, ಬೆವರುವ ಅಂಗೈ ಎರಡು. ಚಾರ್ಜರ್ ಮನೆಯಲ್ಲಿದೆ. ಪಕ್ಕದವರ ಚಾರ್ಜರಿನ ಪಿನ್ ನಿಮ್ಮ ಫೋನಿಗೆ ಕೂರುವುದಿಲ್ಲ.

ಮೊದಲು ಓದಬೇಕಾದ ಎಚ್ಚರಿಕೆ

ತೆರೆಯ ಮೇಲೆ ಕಾಣುವ 1 ಎಂಬ ಅಂಕಿಯನ್ನು ಎಣಿಸಿ ಬರೆದಿಲ್ಲ, ಅಂದಾಜು ಮಾಡಿ ಬರೆದಿದೆ. ಬ್ಯಾಟರಿಯೊಳಗೆ ಎಷ್ಟು ಉಳಿದಿದೆ ಎಂದು ಇಣುಕಿ ನೋಡುವ ದಾರಿ ಫೋನಿಗಿಲ್ಲ. ತೊಗರಿ ಗೋದಾಮಿನ ಗುಮಾಸ್ತ ಒಳಬಂದ ಚೀಲ, ಹೊರಹೋದ ಚೀಲ ಬರೆದಿಟ್ಟು, ಆಗಾಗ ರಾಶಿಯ ಎತ್ತರ ನೋಡಿ ಲೆಕ್ಕ ತಿದ್ದುವಂತೆ, ಫೋನಿನ ಒಂದು ಚಿಕ್ಕ ಚಿಪ್ ಹರಿದುಹೋದ ಕರೆಂಟನ್ನು ಕೂಡಿ ಕಳೆಯುತ್ತದೆ, ನಡುನಡುವೆ ವೋಲ್ಟೇಜ್ ನೋಡಿ ಲೆಕ್ಕ ಸರಿಪಡಿಸಿಕೊಳ್ಳುತ್ತದೆ. ಹೊಸ ಬ್ಯಾಟರಿಯಲ್ಲಿ ಈ ಅಂದಾಜು ಹತ್ತಿರಹತ್ತಿರ ಸರಿ ಇರುತ್ತದೆ. ಎರಡು ಮೂರು ಬೇಸಿಗೆ ಕಂಡ ಬ್ಯಾಟರಿಯಲ್ಲಿ ಲೆಕ್ಕ ಒಂದು ಕಡೆ, ರಾಶಿ ಇನ್ನೊಂದು ಕಡೆ.

ಕಲಬುರಗಿ ಸೀಮೆಯ ಬಿಸಿಲು ಇದರಲ್ಲಿ ಪಾಲುದಾರ. ಲಿಥಿಯಂ ಬ್ಯಾಟರಿ ಕಾವಿಗೆ ಬೇಗ ಮುದಿಯಾಗುತ್ತದೆ, ಅದರ ಒಳಗಿನ ತಡೆ ಹೆಚ್ಚುತ್ತದೆ. ಅಂಥ ಬ್ಯಾಟರಿಯಿಂದ ಒಮ್ಮೆಲೇ ಹೆಚ್ಚು ಕರೆಂಟ್ ಕೇಳಿದರೆ ವೋಲ್ಟೇಜ್ ತಟ್ಟನೆ ಕುಸಿಯುತ್ತದೆ, ಒಂದು ಮಿತಿಗಿಂತ ಕೆಳಗಿಳಿದರೆ ಫೋನು ತನ್ನ ರಕ್ಷಣೆಗೆ ತಾನೇ ಬಂದ್ ಆಗುತ್ತದೆ. ಹದಿನೈದು ಪರ್ಸೆಂಟ್ ತೋರಿಸುತ್ತಿದ್ದ ಫೋನು ಕ್ಯಾಮೆರಾ ತೆರೆದ ಕೂಡಲೇ ಸಾಯುವುದು ಹೀಗೆ. ‘ಈಗಷ್ಟೇ ಹದಿನೈದಿತ್ತಲ್ರೀ!’ ಎಂದು ಯಾರಾದರೂ ಕೂಗಿದರೆ ನಂಬಿ. ಅವರು ಸುಳ್ಳು ಹೇಳುತ್ತಿಲ್ಲ, ಅವರ ಫೋನು ಹೇಳಿತ್ತು.

ಹಂತ 1: ಒಂದು ಪರ್ಸೆಂಟಿನ ತೂಕ ತಿಳಿಯಿರಿ

5000 ಎಂಎಎಚ್ ಬ್ಯಾಟರಿಯ ಒಂದು ಪರ್ಸೆಂಟ್ ಎಂದರೆ 50 ಎಂಎಎಚ್, ಸುಮಾರು 0.19 ವ್ಯಾಟ್-ಗಂಟೆ. ತೆರೆ ಬೆಳಗುತ್ತ ಫೋನು ಒಂದು ವ್ಯಾಟ್ ಹೀರುತ್ತಿದ್ದರೆ ಇದು ಹನ್ನೊಂದು ನಿಮಿಷಕ್ಕೆ ಸಾಕು. ಎರಡು ವ್ಯಾಟ್ ಹೀರಿದರೆ ಐದಾರು ನಿಮಿಷ. ತೆರೆ ಆರಿಸಿ, ಒಳ್ಳೆಯ ರೇಂಜಿನಲ್ಲಿ ಸುಮ್ಮನೆ ಜೇಬಿನಲ್ಲಿಟ್ಟರೆ ಇದೇ ಒಂದು ಪರ್ಸೆಂಟ್ ಗಂಟೆಗಟ್ಟಲೆ ಉಸಿರಾಡಬಹುದು.

ಆದ್ದರಿಂದ ‘ಎಷ್ಟು ಉಳಿದಿದೆ’ ಎಂದು ನೋಡಲು ಪದೇಪದೇ ತೆರೆ ಬೆಳಗಿಸಬೇಡಿ. ಉಳಿದದ್ದನ್ನು ಖರ್ಚು ಮಾಡಲು ಅದಕ್ಕಿಂತ ಸುಲಭದ ದಾರಿ ಇಲ್ಲ. ಈ ಸೂಚನೆಯನ್ನು ಯಾರೂ ಪಾಲಿಸುವುದಿಲ್ಲ ಎಂಬುದು ತಯಾರಕರಿಗೆ ತಿಳಿದಿದೆ.

ಹಂತ 2: ಫೋನನ್ನು ಮೇಲಕ್ಕೆತ್ತಿ

ಈಗ ರೇಂಜಿನ ವಿಷಯ. ಈ ಸೀಮೆಯಲ್ಲಿ ದಪ್ಪ ಕಲ್ಲುಗೋಡೆಯ ಮನೆಗಳು ಇನ್ನೂ ಇವೆ. ಶಹಾಬಾದಿನ ಫರಸಿ ಕಾಲಿಗೆ ತಂಪು, ಕಲ್ಲುಗೋಡೆ ಬಿಸಿಲಿಗೆ ತಡೆ. ಅದೇ ಗೋಡೆ ಟವರಿನ ಅಲೆಗೂ ತಡೆ. ಹಾಗಾಗಿ ನಡುಮನೆಯಲ್ಲಿ ಶುರುವಾದ ಮಾತು ಅಂಗಳಕ್ಕೆ ಬಂದು, ಮಾಳಿಗೆ ಏರಿ, ಇಡೀ ಓಣಿಗೆ ಕೇಳುವಂತೆ ಮುಗಿಯುತ್ತದೆ. ‘ಹಲೋ, ಕೇಳಸ್ಲಾಕತ್ತದೇನು? ಟವರ್ ಬರ್ಲಾಕತ್ತಿಲ್ಲ, ತಡಿ ಮ್ಯಾಲ ಹೊಂಟೀನಿ.’ ನೀರಿನ ಟಾಕಿಯ ಮೇಲೆ ಒಂಟಿಗಾಲಲ್ಲಿ ನಿಂತು ಫೋನನ್ನು ಆಕಾಶಕ್ಕೆ ಎತ್ತಿದವನ ಮೀಮ್ ನಗಿಸುವುದು ನಮ್ಮೆಲ್ಲರ ಮನೆಯಲ್ಲೂ ಅಂಥದೊಂದು ಜಾಗ ಗೊತ್ತುಮಾಡಿರುವುದರಿಂದ.

ಎತ್ತುವುದರಿಂದ ಉಪಯೋಗವಿದೆಯೇ? ಮಾಳಿಗೆ ಏರಿದರೆ ಇದೆ. ಗೋಡೆ ತಪ್ಪುತ್ತದೆ, ಟವರಿಗೂ ನಿಮಗೂ ನಡುವಿನ ಅಡ್ಡಿ ಕಡಿಮೆಯಾಗುತ್ತದೆ. ನಿಂತಲ್ಲೇ ಕೈ ಎತ್ತಿದರೆ ಕೆಲವೊಮ್ಮೆ ಇದೆ, ಏಕೆಂದರೆ ಗೋಡೆ, ತಗಡುಗಳಿಗೆ ಬಡಿದು ಬರುವ ಅಲೆಗಳು ಒಂದು ಕಡೆ ಕೂಡಿ, ಒಂದಡಿ ಆಚೆಗೆ ಒಂದನ್ನೊಂದು ಅಳಿಸಿಬಿಡುತ್ತವೆ. ಜೋರಾಗಿ ‘ಹಲೋ’ ಎಂದರೆ ಮಾತ್ರ ಏನೂ ಇಲ್ಲ.

ಕಡ್ಡಿಗಳನ್ನೂ ಪೂರ್ತಿ ನಂಬಬೇಡಿ. ಎಷ್ಟು ಬಲಕ್ಕೆ ಎಷ್ಟು ಕಡ್ಡಿ ತೋರಿಸಬೇಕೆಂಬುದಕ್ಕೆ ಎಲ್ಲ ಕಂಪನಿಗಳೂ ಒಪ್ಪಿದ ಅಳತೆ ಇಲ್ಲ. ಒಂದೇ ಕಟ್ಟೆಯ ಮೇಲೆ, ಒಂದೇ ಸಿಮ್ಮಿನಲ್ಲಿ ನಿಮ್ಮದು ಎರಡು ಕಡ್ಡಿ, ನಿಮ್ಮ ಕಾಕಾನದು ಮೂರು ತೋರಿಸಬಹುದು. ನಿಜವಾದ ಸಂಖ್ಯೆ ಬೇಕಾದರೆ ಅನೇಕ ಫೋನುಗಳ ಸೆಟ್ಟಿಂಗಿನಲ್ಲಿ ಸಿಮ್ ವಿವರದ ಕೆಳಗೆ -85 dBm, -112 dBm ಎಂಬಂಥದ್ದು ಸಿಗುತ್ತದೆ. ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಹತ್ತು ಇಳಿದರೆ ಬಲ ಹತ್ತನೇ ಒಂದು ಪಾಲಿಗೆ ಇಳಿಯಿತು ಎಂದರ್ಥ. ಆದ್ದರಿಂದ -85ಕ್ಕೂ -115ಕ್ಕೂ ನಡುವೆ ಇರುವುದು ಸಾವಿರ ಪಟ್ಟು ವ್ಯತ್ಯಾಸ. ತೆರೆಯ ಮೇಲೆ ಅದು ಎರಡು ಮೂರು ಕಡ್ಡಿಯಷ್ಟೇ.

ಹಂತ 3: ಎರಡು ರೋಗ ಒಂದೇ ಎಂದು ತಿಳಿಯಿರಿ

ಮೀಮುಗಳಲ್ಲಿ ಬ್ಯಾಟರಿಯ ಗೋಳು ಬೇರೆ, ರೇಂಜಿನ ಗೋಳು ಬೇರೆ. ಫೋನಿನೊಳಗೆ ಇವೆರಡೂ ಒಂದೇ ಮನೆಯವು.

ಟವರ್ ದೂರವಾದಷ್ಟೂ ಫೋನು ಜೋರಾಗಿ ಕೂಗಬೇಕು. ಟವರೇ ‘ಇನ್ನೂ ಜೋರು, ಇನ್ನೂ ಜೋರು’ ಎಂದು ಆಜ್ಞೆ ಕಳಿಸುತ್ತಿರುತ್ತದೆ. 4ಜಿ ಫೋನು ಸಾಮಾನ್ಯವಾಗಿ ಹೆಚ್ಚೆಂದರೆ 200 ಮಿಲಿವ್ಯಾಟ್ ಬಲದಲ್ಲಿ ಅಲೆ ಹೊರಡಿಸುತ್ತದೆ. ಅಷ್ಟನ್ನು ಹೊರಡಿಸಲು ಬ್ಯಾಟರಿಯಿಂದ ಅದರ ಹಲವು ಪಟ್ಟು ಹೀರುತ್ತದೆ. ಟವರ್ ಹತ್ತಿರವಿದ್ದರೆ ಆ 200 ಮಿಲಿವ್ಯಾಟಿನ ಸಾವಿರದಲ್ಲೊಂದು ಪಾಲಿನಲ್ಲೂ ಕೆಲಸ ನಡೆಯಬಹುದು. ರೇಂಜ್ ಪೂರ್ತಿ ಹೋದರೆ ಫೋನು ಸುಮ್ಮನಾಗುವುದಿಲ್ಲ, ತನಗೆ ಗೊತ್ತಿರುವ ಬ್ಯಾಂಡುಗಳನ್ನೆಲ್ಲ ಒಂದೊಂದಾಗಿ ತಡಕಾಡುತ್ತದೆ. ಸೇಡಂನಿಂದ ಮಳಖೇಡ ರೋಡ್, ಚಿತ್ತಾಪುರ ದಾಟಿ ಓಡುವ ರೈಲಿನಲ್ಲಿ ಅದು ಒಂದು ಟವರ್ ಬಿಟ್ಟು ಇನ್ನೊಂದನ್ನು ಹಿಡಿಯುತ್ತಲೇ ಇರಬೇಕು. ಮುಧೋಳದಂಥ ಗಡಿಭಾಗದಲ್ಲಾದರೆ ಆಚೆಯ ತೆಲಂಗಾಣದ ಟವರಿಗೂ ಕೈಚಾಚಬಹುದು. ಮನೆಯ ಕಟ್ಟೆ ಬಿಟ್ಟು ಕದಲದ ನಿಮಗೆ ಪಕ್ಕದ ರಾಜ್ಯದ ಸ್ವಾಗತ ಸಂದೇಶ ಬರುವುದು ಆಗಲೇ.

ಇದನ್ನು ಗುರುತಿಸುವುದು ಹೇಗೆ? ಏನೂ ಬಳಸದ ಫೋನು ಜೇಬಿನಲ್ಲಿ ಬೆಚ್ಚಗಾಗಿದ್ದರೆ, ಬ್ಯಾಟರಿ ಖರ್ಚಿನ ಪಟ್ಟಿಯಲ್ಲಿ ಮೊಬೈಲ್ ನೆಟ್‌ವರ್ಕ್ ಮೇಲೆ ಬಂದಿದ್ದರೆ, ನಿಮ್ಮ ಪರ್ಸೆಂಟುಗಳನ್ನು ತಿಂದದ್ದು ವಿಡಿಯೊ ಒಂದೇ ಅಲ್ಲ, ಟವರಿನ ಹುಡುಕಾಟವೂ ಹೌದು.

ಹಂತ 4: ಕೊನೆಯ ಪರ್ಸೆಂಟ್ ಬಳಸುವ ಕ್ರಮ

ವಿಮಾನದ ಚಿತ್ರವಿರುವ ಗುಂಡಿ ಒತ್ತಿ. ಸೇಡಂಗೆ ವಿಮಾನ ಬರುವುದಿಲ್ಲ, ಆದರೂ ಒತ್ತಿ. ಕೂಗಾಟವೂ ಹುಡುಕಾಟವೂ ನಿಲ್ಲುತ್ತವೆ. ಫೋನನ್ನು ಪೂರ್ತಿ ಆರಿಸಬೇಡಿ. ಮತ್ತೆ ಹಚ್ಚುವಾಗ ಅದು ಒಮ್ಮೆಲೇ ಹೆಚ್ಚು ಕರೆಂಟ್ ಕೇಳುತ್ತದೆ, ಕಂಪನಿಯ ಹೆಸರು ಮಿನುಗಿಸಿ ಅಲ್ಲೇ ಕಣ್ಮುಚ್ಚಬಹುದು.

ರೈಲು ಸ್ಟೇಷನ್ನಿನಲ್ಲಿ ನಿಂತಾಗ ಅದೇ ಗುಂಡಿ ಮತ್ತೆ ಒತ್ತಿ ರೇಂಜ್ ಬರಿಸಿಕೊಂಡು ಸಂದೇಶ ಕಳಿಸಿ. ವಾಟ್ಸಾಪಲ್ಲಿ ದನಿ ಸಂದೇಶ ಬೇಡ, ಸೆಲ್ಫಿ ಬೇಡ, ‘ಎಲ್ಲಿದ್ದೀಯಾ’ ಎಂದು ಕೇಳಿ ಉತ್ತರಕ್ಕೆ ಕಾಯುವುದಂತೂ ಬೇಡವೇ ಬೇಡ. ಹಳೆಯ ಎಸ್ಎಂಎಸ್ ಸಾಕು. ಅದಕ್ಕೆ ಇಂಟರ್ನೆಟ್ ಬೇಡ, ದುರ್ಬಲ ರೇಂಜಿನಲ್ಲೂ ನುಸುಳಿಹೋಗುತ್ತದೆ. ಇಂಗ್ಲಿಷ್ ಲಿಪಿಗೆ ಒಂದು ಎಸ್ಎಂಎಸ್ಸಿನಲ್ಲಿ 160 ಅಕ್ಷರ, ಕನ್ನಡಕ್ಕೆ 70 ಮಾತ್ರ. ಅದರಲ್ಲೂ ಸೊನ್ನೆ, ಗುಡಿಸು, ಒತ್ತು ಪ್ರತ್ಯೇಕ ಲೆಕ್ಕ. ಕಣ್ಣಿಗೆ ಎರಡೇ ಅಕ್ಷರವಾದ ‘ಸೇಡಂ’ ಫೋನಿಗೆ ನಾಲ್ಕು. ಮಾದರಿ ಸಂದೇಶ:

ಸೇಡಂ ಬಿಟ್ಟೀನಿ. ಫೋನ್ ಬಂದ್. ವಾಡಿಗಿ ಬಾ.

ಇದು 36. ಇನ್ನೂ 34 ಉಳಿಯುತ್ತದೆ, ಗಾಡಿಯ ಹೆಸರು ಬರೆಯಿರಿ. ಸಂದೇಶ ಹೋದ ಗುರುತು ಬಂದ ಕೂಡಲೇ ಮತ್ತೆ ವಿಮಾನದ ಗುಂಡಿ.

ತಮ್ಮನ ನಂಬರು ನೆನಪಿದೆಯೇ? ಈಗಲೇ ಟಿಕೆಟ್ಟಿನ ಹಿಂಬದಿಯಲ್ಲಿ ಬರೆದುಕೊಳ್ಳಿ. ಟಿಕೆಟ್ಟೂ ಫೋನಿನಲ್ಲೇ ಇದ್ದರೆ ಅಂಗೈ ಮೇಲೆ.

ಟಿಪ್ಪಣಿ: ಈ ಗಾಬರಿ ಎಲ್ಲರದೂ ಏಕೆ

ರೈಲಿನ ಒಂದು ಡಬ್ಬಿಯಲ್ಲಿ ಕನ್ನಡ, ತೆಲುಗು, ದಖನಿ ಮೂರೂ ಕೇಳುತ್ತವೆ. ಮೂರು ಮಾತಿನವರಿಗೂ ಕೆಂಪು ಬ್ಯಾಟರಿಯ ಚಿತ್ರ ಒಂದೇ. ನಮ್ಮ ಬೇರೆ ಭಯಗಳಿಗೆ ಸಂಖ್ಯೆ ಇಲ್ಲ. ಮಳೆ ಬರುವುದೋ ಇಲ್ಲವೋ, ತೊಗರಿಗೆ ರೇಟು ಸಿಗುವುದೋ ಇಲ್ಲವೋ, ಇವನ್ನು ಯಾವ ಮೂಲೆಯ ಚಿತ್ರವೂ ಹೇಳುವುದಿಲ್ಲ. ಫೋನು ಮಾತ್ರ ಹೇಳುತ್ತದೆ, ಎಲ್ಲರಿಗೂ ಒಂದೇ ಅಂಕಿಯಲ್ಲಿ. ಅಗ್ಗದ ಫೋನಿನ 1 ಕೂಡ ಲಕ್ಷದ ಫೋನಿನ 1ರಂತೆಯೇ ಕಾಣುತ್ತದೆ. ನಾವು ಬೆದರುವುದು ಬ್ಯಾಟರಿಗಲ್ಲ, ಆ ಗುರುತಿಗೆ. ಗುರುತು ಒಂದೇ ಆದ್ದರಿಂದ ಬೆದರಿಕೆಯೂ ಒಂದೇ.

ಇದು ಭೂಮಿಯಾಚೆಗೂ ನಡೆಯಿತು. ಮಂಗಳನ ಮೇಲಿದ್ದ ನಾಸಾದ ಆಪರ್ಚುನಿಟಿ ಯಂತ್ರ 2018ರ ಜೂನ್‌ನಲ್ಲಿ ದೂಳಿನ ಬಿರುಗಾಳಿಗೆ ಸಿಕ್ಕಿ ಮೌನವಾಯಿತು. 2019ರ ಫೆಬ್ರುವರಿಯಲ್ಲಿ ನಾಸಾ ಅದರ ಯಾನ ಮುಗಿಯಿತೆಂದಾಗ, ಅದು ಕೊನೆಗೆ ಕಳಿಸಿದ ಮಾಹಿತಿಯನ್ನು ಒಬ್ಬ ಪತ್ರಕರ್ತ ‘ಬ್ಯಾಟರಿ ಇಳಿದಿದೆ, ಕತ್ತಲಾಗುತ್ತಿದೆ’ ಎಂಬ ಅರ್ಥದ ಮಾತಾಗಿಸಿದ. ಯಂತ್ರ ಅಂಥ ವಾಕ್ಯ ಕಳಿಸಿರಲಿಲ್ಲ, ಬಂದದ್ದು ಬರೀ ಅಳತೆಗಳು. ಆದರೂ ಜಗತ್ತು ಕಣ್ಣೊರೆಸಿಕೊಂಡಿತು. ಮಂಗಳಗ್ರಹಕ್ಕೆ ಯಾರೂ ಹೋಗಿರಲಿಲ್ಲ, ಬ್ಯಾಟರಿ ಇಳಿಯುವುದನ್ನು ಎಲ್ಲರೂ ಕಂಡಿದ್ದರು.

ಆದರೆ ಗುರುತು ಒಂದೇ ಎಂದು ಪರಿಣಾಮ ಒಂದೇ ಅಲ್ಲ. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಹಳ್ಳಿಯೊಂದರ ಚಿತ್ರ ಎಲ್ಲೆಡೆ ಹರಡಿತ್ತು. ಮಳೆಯಲ್ಲಿ ರಸ್ತೆಬದಿ ಕೂತು ಮಗಳು ಆನ್‌ಲೈನ್ ಪಾಠ ಕೇಳುತ್ತಿದ್ದಾಳೆ, ಅಪ್ಪ ಕೊಡೆ ಹಿಡಿದು ನಿಂತಿದ್ದಾನೆ. ರೇಂಜ್ ಸಿಗುತ್ತಿದ್ದುದು ಅಲ್ಲಿ ಮಾತ್ರ. ಟಾಕಿ ಏರಿದವನ ಮೀಮಿಗೂ ಈ ಚಿತ್ರಕ್ಕೂ ಸಂಗತಿ ಒಂದೇ. ಹತ್ತು ನಿಮಿಷದಲ್ಲಿ ಮುಗಿಯುವ ತೊಂದರೆ ಮೀಮ್ ಆಗುತ್ತದೆ, ದಿನಾ ಇರುವುದು ಆಗುವುದಿಲ್ಲ.

ಪದೇಪದೇ ಕೇಳುವ ಪ್ರಶ್ನೆ

ಪ್ರಶ್ನೆ: ಒಂದು ಪರ್ಸೆಂಟ್ ಇದ್ದಾಗ, ಆ ಕುರಿತ ಮೀಮ್ ಹಾಕಬಹುದೇ?

ಉತ್ತರ: ಸ್ಕ್ರೀನ್‌ಶಾಟ್ ತೆಗೆದು, ಮಾತು ಜೋಡಿಸಿ, ಒಂದು ಕಡ್ಡಿಯ ರೇಂಜಿನಲ್ಲಿ ಚಿತ್ರ ಏರಿಸುವಷ್ಟರಲ್ಲಿ ಫೋನು ಆರಿರುತ್ತದೆ. ಹಾಗಾಗಿ ನೀವು ಈವರೆಗೆ ನೋಡಿದ ಒಂದು ಪರ್ಸೆಂಟಿನ ಮೀಮುಗಳೆಲ್ಲ ಪಕ್ಕದಲ್ಲಿ ಚಾರ್ಜರ್ ಇದ್ದವರು ಹಾಕಿದವು. ನಿಜಕ್ಕೂ ಸಿಕ್ಕಿಬಿದ್ದವರು ಆ ಹೊತ್ತಿಗೆ ವಾಡಿಯ ಪ್ಲಾಟ್‌ಫಾರ್ಮಿನಲ್ಲಿ ಅಪರಿಚಿತರೊಬ್ಬರನ್ನು ‘ಅಣ್ಣಾ, ಸಿ ಪಿನ್ ಅದಾ ಏನ್ರಿ?’ ಎಂದು ಕೇಳುತ್ತಿರುತ್ತಾರೆ.