ಹನಿ ಎಲ್ಲಿಂದ್ರೀ, ಸರ?

ಚಡಚಣದ ನಿವೃತ್ತ ಮಾಸ್ತರರ ಬಚ್ಚಲ ನಳ ಸೋರತೊಡಗಿತ್ತು. ಅವರದು ಬಟನ್ ಫೋನು, ಫೋಟೊ ಹೋಗದು. ಮಿಸ್ತ್ರಿ ಇದ್ದದ್ದು ಇಂಡಿಯಲ್ಲಿ.

“ತಮ್ಮಾ, ನಳ ಅಶ್ರುಧಾರೆ ಸುರಸಾಕತ್ತೈತಿ!”

“ಸುರಸ್ಲಿ ಸರ. ಎಲ್ಲಿಂದ? ಮೂತಿಯಿಂದೋ, ಹಿಡಿಕಿ ಬುಡದಿಂದೋ, ಗ್ವಾಡಿ ಸೇರೋ ಜಾಗದಿಂದೋ?”

“ಕೆಳಗಿಂದ.”

“ಎಲ್ಲಿ ಸೋರಿದ್ರೂ ನೀರು ಕೆಳಗ ಬೀಳ್ತೈತ್ರಿ. ಒಣ ಅರಿವಿಲಿ ಪೂರಾ ಒರಸ್ರಿ. ಕಾಗದದ ಚೂರು ಒಂದೊಂದ ಕಡಿ ಒತ್ತಿ, ಮೊದಲ ಎಲ್ಲಿ ತೊಯ್ತೈತಿ ನೋಡ್ರಿ. ನಳ ಬಂದ್ ಮಾಡಿದಾಗೊಮ್ಮೆ, ತೆರೆದಾಗೊಮ್ಮೆ.”

ಮಾಸ್ತರರು ಅಶ್ರು ಬಿಟ್ಟು ಕಾಗದ ಹಿಡಿದರು. ಬಂದ್ ಮಾಡಿದಾಗ ಎಲ್ಲ ಒಣ. ತೆರೆದಾಗ ಹಿಡಿಕಿಯ ಬುಡ ತೊಯ್ದು, ನೀರು ಮೈಗುಂಟ ಇಳಿದು ಮೂತಿಯ ಹೊರಗಿನಿಂದ ತೊಟ್ಟಿಕ್ಕುತ್ತಿತ್ತು.

“ಹಂಗಾದ್ರ ವಾಷರ್ ಅಲ್ಲರಿ. ಬಂದ್ ಮಾಡಿದ್ರೂ ಮೂತಿಯಿಂದ ಹನಿ ಬಿದ್ರ ವಾಷರ್ ಸವೆದಿರತೈತಿ. ನಿಮ್ಮದು ಎಷ್ಟ ಸುತ್ತಿಗೆ ತೆರೀತೈತಿ?”

“ಮೂರ್ನಾಲ್ಕು. ಹಿತ್ತಾಳಿದು.”

“ಹಳೇ ನಮೂನಿ. ಕಾಲು ಸುತ್ತಿಂದಾಗಿದ್ರ ಒಳಗಿನ ಕಾರ್ಟ್ರಿಜ್ ನೋಡಬೇಕಿತ್ತು. ಟಾಕಿ ವಾಲ್ವ್ ಬಂದ್ ಮಾಡಿ, ಹಿಡಿಕಿ ಕೆಳಗಿನ ನಟ್ಟು ಪಾನಾದಿಂದ ಸ್ವಲ್ಪ ಬಿಗಿ ಮಾಡ್ರಿ. ಭಾಳ ಬಿಗಿ ಆದ್ರ ಹಿಡಿಕಿ ತಿರಗಂಗಿಲ್ಲ.”

“ಆಮೇಲೂ ಸೋರಿದ್ರ?”

“ನಟ್ಟು ಬಿಚ್ಚಿ, ನಡುವಿನ ಕಡ್ಡಿಗೆ ಟೆಫ್ಲಾನ್ ಟೇಪ್ ಹುರಿ ಮಾಡಿ ಸುತ್ತಿ, ಮತ್ತ ಬಿಗೀರಿ.”

ನಟ್ಟಿನ ಕಾಲು ಸುತ್ತಿಗೇ ಸೋರಿಕೆ ನಿಂತಿತು. ಮಾಸ್ತರರು ಮರುದಿನ ಮತ್ತೆ ಫೋನ್ ಮಾಡಿದರು: “ತಮ್ಮಾ, ಈಗ ಅಡಗಿಮನಿ ನಳ ವಿರಹದಾಗ...”

“ಕಾಗದ ಹಿಡೀರಿ, ಸರ.”