ಕ್ಯಾಲೆಂಡರಿನ ಮನೆಯಲ್ಲಿ ಎಡ ಸೊಂಟ

ಮೈಸೂರಿನಲ್ಲೇ ಹುಟ್ಟಿ ಬೆಳೆದವನಿಗೆ ಯೋಗ ಬರುವುದಿಲ್ಲ ಎಂದರೆ, ಗೋಕುಲಂ ಕಡೆ ಚಾಪೆ ಹೆಗಲಿಗೇರಿಸಿಕೊಂಡು ಓಡಾಡುವ ವಿದೇಶೀಯರು ನಂಬುವುದಿಲ್ಲ. ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಪಾಠ ಹೇಳಿದ ಊರಿದು. ಅವರ ‘ಯೋಗ ಮಕರಂದ’ 1934ರಲ್ಲಿ ಕನ್ನಡದಲ್ಲೇ ಅಚ್ಚಾಯಿತು. ಇಂಥ ಊರಲ್ಲಿದ್ದೂ ಐವತ್ತೈದು ದಾಟುವ ತನಕ ನನ್ನ ಬೆನ್ನು ಬಾಗಿದ್ದು ಬ್ಯಾಂಕಿನ ಲೆಡ್ಜರಿನ ಮೇಲೆ ಮಾತ್ರ.

ಕೃಷ್ಣಮಾಚಾರ್ಯರ ಶಿಷ್ಯ ಪಟ್ಟಾಭಿ ಜೋಯಿಸರ ಪದ್ಧತಿಯಲ್ಲಿ ಒಂದು ಕಟ್ಟುನಿಟ್ಟಿದೆ. ಒಂದು ಆಸನ ಮೈಗೆ ಒಗ್ಗಿತು ಎಂದು ಗುರುಗಳಿಗೆ ಅನ್ನಿಸಿದ ಮೇಲೆಯೇ ಮುಂದಿನದು. ಅಲ್ಲಿಯವರೆಗೆ ನೀವು ನಿಂತಲ್ಲೇ ನಿಲ್ಲಬೇಕು, ಪಕ್ಕದವನು ಕಾಲನ್ನು ಕುತ್ತಿಗೆಗೆ ಸುತ್ತಿಕೊಂಡಿದ್ದರೂ ಸರಿ. ಆದರೆ ಬೆಳಗಿನ ಜಾವ ನಮ್ಮ ಮನೆಯ ಹಜಾರಕ್ಕೆ ಯಾವ ಗುರು ಬಂದಾರು? ಹಾಗಾಗಿ ಮಗಳು ಆ ಕೆಲಸವನ್ನು ನನ್ನ ಮೊಬೈಲಿಗೆ ವಹಿಸಿ ಹೈದರಾಬಾದಿಗೆ ಹೊರಟುಹೋದಳು.

ಅವಳು ಮಾಡಿದ್ದು ಇಷ್ಟೇ. ಮೊದಲ ಎರಡು ವಾರ ದಿನವೂ ಬರುವ ಒಂದು ರಿಮೈಂಡರ್: ಮಾರ್ಜಾಲಾಸನ, ಸೂರ್ಯನಮಸ್ಕಾರ 3, ಶವಾಸನ. ಅದು ಹದಿನಾಲ್ಕನೆಯ ದಿನಕ್ಕೆ ತಾನೇ ಮುಗಿಯುತ್ತದೆ. ಮರುದಿನ ಬರುವ ರಿಮೈಂಡರಿನಲ್ಲಿ ತ್ರಿಕೋನಾಸನ ಸೇರಿರುತ್ತದೆ. ಅದರ ಮುಂದಿನದರಲ್ಲಿ ವೀರಭದ್ರಾಸನ, ಆಮೇಲೆ ಪಶ್ಚಿಮೋತ್ತಾನಾಸನ. ಹೊಸಬರೆಲ್ಲ ನಡುವೆ ನುಗ್ಗಬೇಕು, ಶವಾಸನ ಮಾತ್ರ ಕೊನೆಯಲ್ಲಿ ಅಲ್ಲಾಡದೆ ಇರಬೇಕು. ಹೊತ್ತು ಸಾಲದಾಗ ನಾವೆಲ್ಲ ಮೊದಲು ಕತ್ತರಿ ಹಾಕುವುದು ಅದಕ್ಕೇ. ಸುಮ್ಮನೆ ಮಲಗುವುದಕ್ಕೂ ಐದು ನಿಮಿಷ ಬೇಕೇ ಎನ್ನಿಸಿಬಿಡುತ್ತದೆ.

ಪಟ್ಟಿ ಉದ್ದವಾದಂತೆ ಎದ್ದ ತಕರಾರು ಯೋಗದ್ದಲ್ಲ, ನಲ್ಲಿಯದು. ನಮ್ಮ ಬೀದಿಗೆ ಆರೂವರೆಗೆ ನೀರು ಬರುತ್ತದೆ. ಆಗ ವೀರಭದ್ರನೂ ಚಾಪೆ ಬಿಟ್ಟು ಸಂಪಿನ ಕಡೆ ಓಡಬೇಕು. ಒಂದು ಆಸನವನ್ನು ಎರಡೂ ಬದಿಗೆ ಐದೈದು ಉಸಿರು ಹಿಡಿದರೆ, ಹೊರಳುವುದು ಸೇರಿ ಒಂದೂವರೆ ಎರಡು ನಿಮಿಷ ತಿನ್ನುತ್ತದೆ. ಆದ್ದರಿಂದ ಮುಗಿಯುವ ಗಳಿಗೆಯನ್ನು ಆರೂಕಾಲಕ್ಕೆ ಮೊಳೆ ಹೊಡೆದು ನಿಲ್ಲಿಸಿ, ಎಬ್ಬಿಸುವ ಗಳಿಗೆಯನ್ನು ಪ್ರತಿ ಸಲ ಎರಡೆರಡು ನಿಮಿಷ ಹಿಂದಕ್ಕೆ ಸರಿಸಿದೆವು. ಐದು ಐವತ್ತೆಂಟು, ಐವತ್ತಾರು, ಐವತ್ತನಾಲ್ಕು. ಎರಡು ನಿಮಿಷದ ಕಳ್ಳತನ ನಿದ್ದೆಗೆ ಗೊತ್ತಾಗುವುದಿಲ್ಲ. ಒಮ್ಮೆಗೇ ಅರ್ಧ ಗಂಟೆ ಮುಂಚೆ ಏಳುತ್ತೇನೆಂದು ಶಪಥ ಮಾಡಿದವರು ಮಾತ್ರ ಮೂರನೆಯ ದಿನವೇ ಸಿಕ್ಕಿಬೀಳುತ್ತಾರೆ.

ಮಾರ್ಜಾಲಾಸನ ಮೊದಲು ಏಕೆ ಎಂದು ಬಡಾವಣೆಯ ಯೋಗದ ಮೇಷ್ಟ್ರನ್ನು ಕೇಳಿದ್ದೆ. “ರಾತ್ರಿಯೆಲ್ಲ ಮಲಗಿರ್ತೀರಲ್ಲ ಸಾರ್, ಬೆನ್ನುಮೂಳೆಗಳ ನಡುವಿನ ಮೆತ್ತೆಗಳು ನೀರು ಕುಡಿದು ಉಬ್ಬಿರ್ತವೆ. ಬೆಳಿಗ್ಗೆ ನೀವು ಸಂಜೆಗಿಂತ ಒಂದು ಸೆಂಟಿಮೀಟರಿನಷ್ಟು ಎತ್ತರ” ಎಂದರು. ಹಾಗೆ ಬಿಗಿದುಕೊಂಡಿರುವ ಬೆನ್ನನ್ನು ಎದ್ದ ಕೂಡಲೇ ಪೂರ್ತಿ ಮುಂದಕ್ಕೆ ಬಗ್ಗಿಸಿದರೆ ಆ ಮೆತ್ತೆಗಳ ಮೇಲೆ ಭಾರ ಹೆಚ್ಚಂತೆ. ಬೆಕ್ಕಿನ ಹಾಗೆ ನಾಲ್ಕು ಕಾಲಲ್ಲಿ ನಿಂತು ಬೆನ್ನನ್ನು ಏರಿಸಿ ಇಳಿಸುವುದು, ಮೊದಮೊದಲ ನಮಸ್ಕಾರಗಳಲ್ಲಿ ಮಂಡಿ ಮಡಿಸಿಯೇ ಬಗ್ಗುವುದು ಎಲ್ಲ ಅದಕ್ಕಾಗಿ. ಎತ್ತರದ ಸುದ್ದಿಯನ್ನು ಹೆಂಡತಿಗೆ ಹೇಳಿದೆ. “ಹಾಗಾದ್ರೆ ಅಟ್ಟದ ಮೇಲಿನ ಡಬ್ಬ ಈಗಲೇ ಇಳಿಸಿಕೊಡಿ” ಎಂದಳು.

ಇನ್ನು ಒಂದು ಸಾಲಿನ ಟಿಪ್ಪಣಿ. ಶವಾಸನದಿಂದ ಎದ್ದವನು ಮೈ ಹೇಗಿತ್ತೆಂದು ಒಂದೇ ಒಂದು ಸಾಲು ಬರೆಯಬೇಕು ಎಂಬುದು ಮಗಳ ಎರಡನೆಯ ಆಜ್ಞೆ. ಮೊಬೈಲಿನಲ್ಲಿ ಕನ್ನಡ ಕುಟ್ಟುವಷ್ಟರಲ್ಲಿ ಮೈ ಬೇರೆಯದೇ ಆಗಿಬಿಡುತ್ತದೆ. ಅದಕ್ಕೇ ಅಡುಗೆಮನೆ ಗೋಡೆಯ ಕ್ಯಾಲೆಂಡರಿಗೆ ಶರಣಾದೆ. ತಾರೀಕಿನ ಆ ಪುಟ್ಟ ಮನೆಯೊಳಗೆ ಬೇಕೆಂದರೂ ಎರಡನೆಯ ಸಾಲು ಹಿಡಿಸದು. ಅಮಾವಾಸ್ಯೆ, ಹುಣ್ಣಿಮೆಗಳೂ ಅಲ್ಲೇ ಕಾಣುತ್ತವೆ. ಆ ದಿನಗಳಲ್ಲಿ ಅಭ್ಯಾಸಕ್ಕೆ ರಜೆ ಎಂಬುದು ಜೋಯಿಸರ ಶಾಲೆಯ ಪದ್ಧತಿ. ಅದೊಂದನ್ನು ನಾನು ಮೊದಲ ದಿನದಿಂದಲೇ ಪಾಲಿಸುತ್ತಿದ್ದೇನೆ.

ಮೊದಲ ತಿಂಗಳ ಹಾಳೆಯಲ್ಲಿ “ಚೆನ್ನಾಗಿತ್ತು”, “ಪರವಾಗಿಲ್ಲ”, “ಚೆನ್ನಾಗಿತ್ತು” ಎಂದೇ ತುಂಬಿತ್ತು. ಮೇಷ್ಟ್ರು ನೋಡಿ, “ಇದು ಬೀಗರ ಮನೆ ಊಟದ ಬಗ್ಗೆ ಬರೆದ ಹಾಗಿದೆ ಸಾರ್” ಎಂದರು. ಯಾವ ಜಾಗ, ಯಾವ ಬದಿ, ಯಾವಾಗ, ಈ ಮೂರು ಇಲ್ಲದ ಸಾಲು ಬರೆದೂ ದಂಡ. ಅಂದಿನಿಂದ ನನ್ನ ಶೈಲಿ ಸುಧಾರಿಸಿತು. “ಎರಡೂ ತೊಡೆ ಭಾರ, ಮೆಟ್ಟಿಲು ಇಳಿಯುವಾಗ.” “ಬಲ ಭುಜ ಲಟಕ್, ನೋವಿಲ್ಲ.” “ಎಡ ಸೊಂಟ ಬಿಗಿ, ತ್ರಿಕೋನದಲ್ಲಿ.” ಅವುಗಳ ಕೆಳಗೇ ಹೆಂಡತಿಯ ಅಕ್ಷರದಲ್ಲಿ “ಹಾಲು ಅರ್ಧ ಲೀಟರ್ ಜಾಸ್ತಿ”, “ಗ್ಯಾಸ್ ಬಂತು”. ತಿಂಗಳ ಲೆಕ್ಕಕ್ಕೆ ಬಂದ ಹಾಲಿನವನು ಹಾಳೆಯ ಮೇಲೆ ಬೆರಳಾಡಿಸುತ್ತಾ ಬಂದು, “ಎಡ ಸೊಂಟಕ್ಕೂ ನಮಗೂ ಸಂಬಂಧ ಇಲ್ಲ ಅಲ್ವಾ ಅಮ್ಮಾ?” ಎಂದು ಖಾತ್ರಿ ಮಾಡಿಕೊಂಡೇ ದುಡ್ಡು ತೆಗೆದುಕೊಂಡ.

ಈ ಸಾಲುಗಳ ನಿಜವಾದ ಬೆಲೆ ತಿಳಿದದ್ದು ಪಶ್ಚಿಮೋತ್ತಾನಾಸನ ಸೇರಿದ ಮೇಲೆ. ಕಾಲು ಚಾಚಿ ಕೂತು ಹೆಬ್ಬೆರಳಿಗಾಗಿ ಹಂಬಲಿಸುವ ಆಸನ ಅದು. ಮೊದಲು “ತೊಡೆಯ ಹಿಂಭಾಗ ಎಳೆತ, ಎರಡೂ ಕಡೆ” ಎಂದಿತ್ತು. ಎರಡು ಮೂರು ದಿನದಲ್ಲಿ ಕರಗಿತು. ಹೊಸ ಕೆಲಸ ಬಿದ್ದ ಸ್ನಾಯುವಿನ ಗೊಣಗಾಟ ಅಷ್ಟೇ. ಆಮೇಲಿನ ಸಾಲುಗಳ ಜಾತಿ ಬೇರೆ. “ಎಡಗಡೆ ಕುಂಡಿಯ ಮೂಳೆ ಹತ್ತಿರ ಚುಚ್ಚು.” “ಅದೇ ಜಾಗ, ಸ್ಕೂಟರ್ ಮೇಲೆ ಕೂತಾಗ.” “ಅದೇ ಜಾಗ, ಊಟಕ್ಕೆ ಕೂತಾಗ.” ನಾನು ಊಟದ ಕುರ್ಚಿಗೆ ದಿಂಬು ಹಾಕಿಸಿ ಸುಮ್ಮನಿದ್ದೆ. ಮೊಬೈಲು ಎರಡು ವಾರ ತುಂಬಿದ ಕೂಡಲೇ ಜಾನುಶೀರ್ಷಾಸನವನ್ನೂ ಸೇರಿಸಿಕೊಂಡು ಹಾಜರಾಯಿತು. ತಾರೀಕು ಬಲ್ಲ ಯಂತ್ರಕ್ಕೆ ಕುಂಡಿಯ ಕಷ್ಟ ಹೇಗೆ ತಿಳಿಯಬೇಕು?

ಮೇಷ್ಟ್ರು ಹಾಳೆಯನ್ನೇ ಗೋಡೆಯಿಂದ ಇಳಿಸಿ ಓದಿದರು. ತೊಡೆಯ ನಡುಮಧ್ಯ ಎಳೆದರೆ ಅದು ಸ್ನಾಯು, ಎಳೆಯಲಿ. ಕೂರುವ ಮೂಳೆಗೆ ಅಂಟಿದ ಹಾಗೆ, ಒಂದೇ ಬದಿ, ಗಟ್ಟಿ ಜಾಗದಲ್ಲಿ ಕೂತಾಗ ಚುಚ್ಚಿದರೆ, ಅದು ಸ್ನಾಯು ಮೂಳೆಗೆ ಕಟ್ಟಿಕೊಂಡಿರುವ ಹುರಿಯ ದೂರು. ಅದನ್ನು ಇನ್ನಷ್ಟು ಎಳೆದರೆ ವಾಸಿಯಾಗದು, ಹೆಚ್ಚುತ್ತದೆ ಎಂದರು. ಜಾನುಶೀರ್ಷ ಹಿಂದಕ್ಕೆ ಹೋಯಿತು. ಮುಂದೆ ಬಗ್ಗುವಾಗಲೆಲ್ಲ ಮಂಡಿ ಮಡಿಸಬೇಕು, ಕಂಬಳಿ ಮಡಿಸಿ ಅದರ ಮೇಲೆ ಕೂರಬೇಕು, ಎಳೆಯುವ ಬದಲು ಆ ಸ್ನಾಯುವಿಗೆ ಬಲ ಕೊಡಲು ಸೇತುಬಂಧಾಸನ ಮಾಡಬೇಕು ಎಂದಾಯಿತು. ಸೊಂಟದಿಂದ ಕಾಲಿಗೆ ಜೋಮು ಇಳಿದರೆ ಮಾತ್ರ ತಮ್ಮ ಹತ್ತಿರ ಬರದೆ ನೇರ ಡಾಕ್ಟರ ಹತ್ತಿರ ಹೋಗಬೇಕೆಂದೂ ಹೇಳಿದರು. ವಾಸಿಯಾಗುವುದರಲ್ಲಿ ಹುರಿ ಬಲು ಸೋಮಾರಿ, ಅದಕ್ಕೆ ರಕ್ತದ ಓಡಾಟ ಕಡಿಮೆ. ಕ್ಯಾಲೆಂಡರಿನ ಹಾಳೆಗಳು ಮಗುಚುತ್ತಲೇ ಹೋದವು.

ಈಗ ರಿಮೈಂಡರ್ ತಾನಾಗಿ ಉದ್ದವಾಗುವುದಿಲ್ಲ. ಭಾನುವಾರ ಕಾಫಿಯ ಹೊತ್ತಿಗೆ ವಾರದ ಸಾಲುಗಳನ್ನು ಓದುತ್ತೇನೆ. ಒಂದೇ ಬದಿಯ ಹೆಸರು ಮತ್ತೆ ಮತ್ತೆ ಬಂದಿದ್ದರೆ ಹಳೆಯ ಪಟ್ಟಿಯೇ ಮುಂದುವರಿಯುತ್ತದೆ. ಇಲ್ಲವಾದರೆ ಮಗಳಿಗೆ ಫೋನು, ಒಂದು ಆಸನ ಸೇರ್ಪಡೆ, ನಿದ್ದೆಗೆ ಎರಡು ನಿಮಿಷ ಖೋತಾ. “ಅಪ್ಪಾ, ಇದನ್ನ ನೀವೇ ಬದಲಾಯಿಸ್ಬಹುದು” ಎನ್ನುತ್ತಾಳೆ. ಬದಲಾಯಿಸಬಹುದು, ನಿಜ. ಆದರೆ ಭಾನುವಾರ ಅವಳಿಗೆ ಫೋನು ಮಾಡಲು ಅದಕ್ಕಿಂತ ಒಳ್ಳೆಯ ನೆವ ನನಗೆ ಸಿಕ್ಕಿಲ್ಲ.

ಮೊನ್ನೆಯ ಮನೆಯಲ್ಲಿ ಹೆಮ್ಮೆಯಿಂದ “ಬೆನ್ನು ಹಗುರ, ಎಲ್ಲೂ ನೋವಿಲ್ಲ” ಎಂದು ಬರೆದೆ. ಸ್ನಾನ ಮುಗಿಸಿ ಬರುವಷ್ಟರಲ್ಲಿ ಅದರ ಕೆಳಗೆ ಇನ್ನೊಂದು ಸಾಲು ಹಿಡಿಸಿತ್ತು: “ಸಿಲಿಂಡರ್ ಖಾಲಿ, ಒಳಗೆ ತಂದಿಡಿ.”