ಬಂದು ಹೋಗುವ ಡಾಲರಿಗೊಂದು ಬಹಿರಂಗ ಪತ್ರ

ವಿದೇಶಿ ಹೂಡಿಕೆದಾರ ಮಹಾಶಯರಿಗೆ,

ದಿನಾ ಸಂಜೆ ಏಳರ ಹೊತ್ತಿಗೆ ನಾನು ಮೊಬೈಲಿನಲ್ಲಿ ನಿಮ್ಮ ಲೆಕ್ಕ ನೋಡುತ್ತೇನೆ. ಇವತ್ತು ಎಷ್ಟು ಕೋಟಿಯ ಷೇರು ಕೊಂಡಿರಿ, ಎಷ್ಟು ಕೋಟಿಯದನ್ನು ಮಾರಿದಿರಿ ಎಂಬ ಎರಡೇ ಸಾಲು. ಮ್ಯೂಚುವಲ್ ಫಂಡಿಗೆ ತಿಂಗಳಿಗೆ ಎರಡು ಸಾವಿರ ರೂಪಾಯಿ ಕಂತು ಕಟ್ಟುವ ನನಗೆ ನಿಮ್ಮ ಕೋಟಿಗಳ ಚಿಂತೆ ಯಾಕೆ ಎಂದು ನೀವು ಕೇಳಬಹುದು. ನೀವು ಮಾರುವಾಗ ಕೊಳ್ಳುವವರಲ್ಲಿ ನಾನೂ ಒಬ್ಬ. ಅದಕ್ಕೇ ಈ ಪತ್ರ.

1992ರಲ್ಲಿ ನಿಮಗೆ ಬಾಗಿಲು ತೆರೆದವರು ನಾವೇ. ಬಂದಿರಿ, ಪೇಟೆ ಬೆಳೆಯಿತು, ಅದನ್ನು ಮರೆತಿಲ್ಲ. ಆದರೆ ನೀವು ಹೋಗುವ ರೀತಿಯ ಬಗ್ಗೆ ಮಾತಾಡಬೇಕಿದೆ.

2024ರ ಸೆಪ್ಟೆಂಬರ್‌ನಲ್ಲಿ ನೀವು ಸುಮಾರು 57 ಸಾವಿರ ಕೋಟಿ ರೂಪಾಯಿಯನ್ನು ನಮ್ಮ ಷೇರುಗಳಿಗೆ ತಂದಿರಿ. ನಿಫ್ಟಿ 26 ಸಾವಿರ ದಾಟಿ ಹೊಸ ದಾಖಲೆ ಬರೆಯಿತು. ಮರುತಿಂಗಳೇ ಸುಮಾರು 94 ಸಾವಿರ ಕೋಟಿ ಹೊರಕ್ಕೆ ಒಯ್ದಿರಿ. ಆ ಒಂದು ತಿಂಗಳಲ್ಲಿ ನಮ್ಮ ದೇಶದಲ್ಲಿ ಅಂಥದ್ದೇನೂ ಆಗಿರಲಿಲ್ಲ. ಚೀನಾ ತನ್ನ ಆರ್ಥಿಕತೆಗೆ ಉತ್ತೇಜನ ಘೋಷಿಸಿತ್ತು, ಅಲ್ಲಿನ ಷೇರು ಅಗ್ಗವಾಗಿತ್ತು. ಅಮೆರಿಕದ ಸರ್ಕಾರಿ ಬಾಂಡಿನ ಬಡ್ಡಿ ಏರುತ್ತಿತ್ತು. ನಮ್ಮ ಷೇರು ದುಬಾರಿಯಾಗಿತ್ತು, ಕಂಪನಿಗಳ ಲಾಭವೂ ಸಪ್ಪೆಯಾಗಿತ್ತು ಎಂಬುದನ್ನು ಒಪ್ಪುತ್ತೇನೆ. ಆದರೂ ನಮ್ಮ ಸೂಚ್ಯಂಕದ ಏರಿಳಿತದ ಕಾರಣವನ್ನು ಬೀಜಿಂಗ್, ವಾಷಿಂಗ್ಟನ್‌ಗಳಲ್ಲಿ ಹುಡುಕಬೇಕಾಗುತ್ತದೆ.

ನಿಮ್ಮ ಕಷ್ಟವೂ ನನಗೆ ಗೊತ್ತು. 2022ರ ಆರಂಭದಲ್ಲಿ ಡಾಲರಿಗೆ 75 ರೂಪಾಯಿ ಇದ್ದಾಗ ನೀವು ಒಂದು ಲಕ್ಷ ಡಾಲರ್ ತಂದಿರಿ ಎನ್ನೋಣ. ಅದು ಇಲ್ಲಿ 75 ಲಕ್ಷವಾಯಿತು. 2024ರ ಕೊನೆಗೆ ಡಾಲರ್ 85 ದಾಟಿತು. ಅಂದರೆ ನಿಮ್ಮದೇ ಒಂದು ಲಕ್ಷ ಡಾಲರನ್ನು ವಾಪಸ್ ಒಯ್ಯಲು 85 ಲಕ್ಷ ಬೇಕು. ನಮ್ಮ ಕಣ್ಣಿಗೆ ಹತ್ತು ಲಕ್ಷ ಲಾಭ, ನಿಮ್ಮ ಪಾಲಿಗೆ ಸೊನ್ನೆ. ಹೀಗಾಗಿ ರೂಪಾಯಿ ಇಳಿಯುವ ಸೂಚನೆ ಕಂಡರೆ ಮಾರುತ್ತೀರಿ. ಮಾರಿ ಬಂದ ರೂಪಾಯಿ ಕೊಟ್ಟು ಡಾಲರ್ ಕೊಳ್ಳುವುದರಿಂದ ರೂಪಾಯಿ ಇನ್ನೂ ಇಳಿಯುತ್ತದೆ. ಅದನ್ನು ಕಂಡು ನಿಮ್ಮಲ್ಲೇ ಇನ್ನೊಬ್ಬರು ಮಾರುತ್ತಾರೆ.

ನೀವು ಮಾರಿದ್ದೆಲ್ಲ ಸೂಚ್ಯಂಕಕ್ಕೆ ನೇರವಾಗಿ ತಾಗಲು ಒಂದು ಕಾರಣವಿದೆ. ನಿಮ್ಮ ಹಣ ಹೆಚ್ಚಾಗಿ ಇರುವುದು ದೊಡ್ಡ ಬ್ಯಾಂಕು, ದೊಡ್ಡ ಕಂಪನಿಗಳಲ್ಲಿ. ನಿಫ್ಟಿಯಲ್ಲಿ ಭಾರ ಹೆಚ್ಚಿರುವುದೂ ಅವಕ್ಕೇ. 2024ರ ಜನವರಿ 17ರಂದು ಎಚ್‌ಡಿಎಫ್‌ಸಿ ಬ್ಯಾಂಕಿನ ಫಲಿತಾಂಶ ರುಚಿಸದೆ ಅದರ ಷೇರು ಒಂದೇ ದಿನ ಶೇ. 8ಕ್ಕಿಂತ ಹೆಚ್ಚು ಕುಸಿಯಿತು. ಅಂದು ಪೇಟೆಯಲ್ಲಿ ನೀವು 10 ಸಾವಿರ ಕೋಟಿಗೂ ಹೆಚ್ಚು ಮಾರಿದಿರಿ, ನಿಫ್ಟಿ 460 ಅಂಶ ಬಿತ್ತು. ಉಳಿದ ಕಂಪನಿಗಳ ಕೆಲಸ ಹಿಂದಿನ ದಿನದಂತೆಯೇ ನಡೆದಿತ್ತು.

ಈಗ ನನ್ನ ಮುಖ್ಯ ಮಾತು. ಕೋವಿಡ್ ಬಂದ 2020ರ ಮಾರ್ಚ್‌ನಲ್ಲಿ ನೀವು ಸುಮಾರು 62 ಸಾವಿರ ಕೋಟಿ ತೆಗೆದಿರಿ, ನಿಫ್ಟಿ ಶೇ. 23ರಷ್ಟು ಕುಸಿಯಿತು. 2024ರ ಅಕ್ಟೋಬರ್‌ನಲ್ಲಿ ಅದಕ್ಕಿಂತ ಒಂದೂವರೆ ಪಟ್ಟು ತೆಗೆದರೂ ಇಳಿದದ್ದು ಶೇ. 6ರಷ್ಟು ಮಾತ್ರ. 2020ರಲ್ಲಿದ್ದ ಭಯ ಈ ಸಲ ಇರಲಿಲ್ಲ, ಪೇಟೆಯೂ ದೊಡ್ಡದಾಗಿತ್ತು, ಸರಿ. ಆದರೆ 2020ರ ಆ ತಿಂಗಳು ಎಸ್‌ಐಪಿ ಕಂತುಗಳಿಂದ ಬಂದದ್ದು ಸುಮಾರು 8,600 ಕೋಟಿ, 2024ರ ಅಕ್ಟೋಬರ್‌ನಲ್ಲಿ 25 ಸಾವಿರ ಕೋಟಿಗೂ ಹೆಚ್ಚು. ಅದರ ಜೊತೆಗೆ ವಿಮಾ ಕಂಪನಿ, ಭವಿಷ್ಯನಿಧಿಯ ಹಣವೂ ಸೇರಿ ನೀವು ಬಿಟ್ಟ ಷೇರಿನ ಬಹುಪಾಲನ್ನು ಹೊತ್ತುಕೊಂಡಿತು. ಪೇಟೆ ಗಟ್ಟಿಯಾಯಿತೆಂದು ಎಲ್ಲರೂ ಹೊಗಳಿದರು. ದುಬಾರಿ ಬೆಲೆಗೆ ನೀವು ಮಾರಿದ್ದನ್ನು ಕೊಂಡವರು ಮೇಷ್ಟ್ರು, ನರ್ಸು, ಅಂಗಡಿಯವರು ಎಂಬುದನ್ನು ಯಾರೂ ಹೇಳಲಿಲ್ಲ. ನೀವು ಹೊರಹೋಗುವ ಬಾಗಿಲು ದೊಡ್ಡದಾಗಿ ತೆರೆದಿದ್ದರೆ ಅದಕ್ಕೆ ನಮ್ಮ ಕಂತೂ ಒಂದು ಕಾರಣ.

ಓದುಗರಿಗೂ ಒಂದು ಮಾತು. ಆ ಅಕ್ಟೋಬರ್‌ನಲ್ಲಿ ಷೇರುಪೇಟೆಯ ದಿನದ ಲೆಕ್ಕ ಕೂಡಿದರೆ ವಿದೇಶಿ ಮಾರಾಟ 1.14 ಲಕ್ಷ ಕೋಟಿ. ಎನ್‌ಎಸ್‌ಡಿಎಲ್ ಲೆಕ್ಕದಲ್ಲಿ 94 ಸಾವಿರ ಕೋಟಿ. ಎರಡೂ ಸುಳ್ಳಲ್ಲ. ಅದೇ ತಿಂಗಳು ವಿದೇಶಿ ಹೂಡಿಕೆದಾರರು ಐಪಿಒ ಮುಂತಾದವುಗಳಲ್ಲಿ ಸುಮಾರು 20 ಸಾವಿರ ಕೋಟಿ ಹಾಕಿದ್ದರು. ದಿನದ ಲೆಕ್ಕದಲ್ಲಿ ಅದು ಕಾಣುವುದಿಲ್ಲ. ಆದ್ದರಿಂದ ಸಂಜೆಯ ಆ ಎರಡು ಸಾಲು ನೋಡಿ ಗಾಬರಿಯಿಂದ ಕಂತು ನಿಲ್ಲಿಸಬೇಡಿ. ಮೊದಲು ತಿಂಗಳ ಲೆಕ್ಕ ನೋಡಿ, ನೀವು ಕೊಳ್ಳುತ್ತಿರುವ ಬೆಲೆಯನ್ನೂ ನೋಡಿ.

ಇಂತಿ,
ತಿಂಗಳ ಕಂತು ಕಟ್ಟುವ ಒಬ್ಬ